ಮೂವತ್ತಾರು ಚೀಲದ ಲೆಕ್ಕ

ಶೆಟ್ಟಿಕೆರೆಯ ಮರುಳಸಿದ್ದಯ್ಯನವರ ಕೊಬ್ಬರಿ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತೆದ್ದ ಗಂಗಲಕ್ಷ್ಮಿಯ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ. ತನ್ನ ಗುಡ್ಡೆ ತಾನು ಮುಗಿಸುವವರು, ಇನ್ನೊಬ್ಬರ ಗುಡ್ಡೆಯ ಮೇಲೆ ಕಣ್ಣಿಡುವವರು. ಎರಡನೆಯ ಜಾತಿಯವರನ್ನು ಅವಳು ಮದುವೆ ಮನೆಯಲ್ಲೂ ಮಾತಾಡಿಸುತ್ತಿರಲಿಲ್ಲ.

ಶೆಡ್ಡಿನ ಕೆಲಸ ಸರಳ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಸಿಪ್ಪೆಯನ್ನು ಗಂಡಸರು ಅಂಗಳದಲ್ಲಿ ಸುಲಿದು ಚೀಲಕ್ಕೆ ತುಂಬುತ್ತಾರೆ. ಹೆಂಗಸರು ಒಳಗೆ ಕೂತು, ಮಚ್ಚಿನಿಂದ ಹದವಾಗಿ ತಟ್ಟಿ ಚಿಪ್ಪು ಬಿಡಿಸುತ್ತಾರೆ. ಒಳಗಿನ ಕೊಬ್ಬರಿ ಉಂಡೆಯಾಗಿ ಬರಬೇಕು, ಬಿರುಕು ಬಿಡಬಾರದು. ಇಬ್ಬಿಬ್ಬರಿಗೆ ಒಂದು ಲೋಡು. ಲೋಡು ಬಂದ ದಿನವೇ ಅದನ್ನು ಸಮನಾಗಿ ಎರಡು ಗುಡ್ಡೆ ಮಾಡುತ್ತಾರೆ. ಇಬ್ಬರೂ ಎದುರಾಬದುರು ಕೂತಿರುವಾಗ ಬೇಗ ಮುಗಿಸಿದವಳು ಇನ್ನೊಬ್ಬಳ ಗುಡ್ಡೆಗೆ ಕೈ ಹಾಕಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನಡುವೆ ಹೊಸಬಳೊಬ್ಬಳು ಬಂದು ಕೂತರೆ ಇಬ್ಬರೂ ತಮ್ಮ ಗುಡ್ಡೆಯಿಂದ ಒಂದಿಷ್ಟು ತಳ್ಳಿ ಅವಳಿಗೂ ಗುಡ್ಡೆ ಮಾಡಿಕೊಡುತ್ತಾರೆ. ಆದರೆ ಗುಡ್ಡೆಯವಳು ಎದ್ದು ಹೋದಳೋ, ಅವಳು ಬರುವ ತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳಿಲ್ಲದಾಗ ಅವಳ ತಟ್ಟೆಯಲ್ಲಿ ಉಂಡ ಹಾಗೆ ಅದು. ಚಿಕ್ಕಗಂಗಮ್ಮ ಒಮ್ಮೆ ಮಗಳ ಬಾಣಂತನಕ್ಕೆ ತುರುವೇಕೆರೆಗೆ ಹೋಗಿ ಇಪ್ಪತ್ತು ದಿನ ಬರಲಿಲ್ಲ. ಇಪ್ಪತ್ತು ದಿನವೂ ಅವಳ ಗುಡ್ಡೆ ಹಾಗೇ ಇತ್ತು. ಇಲಿಗಳು ಮಾತ್ರ ಒಂದಷ್ಟು ತಿಂದವು, ಅವಕ್ಕೆ ಪದ್ಧತಿ ಗೊತ್ತಿರಲಿಲ್ಲ.

ಗಂಗಲಕ್ಷ್ಮಿಯ ಜೋಡಿ ಅವಳ ಅತ್ತೆ ಓಬಮ್ಮ. ಸೊಸೆ ದಿನಕ್ಕೆ ಮೂರು ಚೀಲ ಬಿಡಿಸಿದರೆ ಅತ್ತೆ ಎರಡು. ಇಬ್ಬರೂ ಮಾತಾಡುವುದು ಕಡಿಮೆ. ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ಓಬಮ್ಮನ ನಂಬಿಕೆ, ಮಾತಾಡಿದರೆ ಜಗಳವಾಗುತ್ತದೆ ಎಂಬುದು ಗಂಗಲಕ್ಷ್ಮಿಯದು. ಎರಡೂ ನಿಜ.

ಹತ್ತನೇ ತರಗತಿಯನ್ನು ಸೆಕೆಂಡ್ ಕ್ಲಾಸಿನಲ್ಲಿ ಪಾಸು ಮಾಡಿದ ಗಂಗಲಕ್ಷ್ಮಿಗೆ ಅದರ ಮುಂದಿನ ತಿಂಗಳೇ ಮದುವೆಯಾಗಿತ್ತು. ಅಂಕಪಟ್ಟಿ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಹೋಯಿತು. ಅದು ಮತ್ತೆ ಮೇಲಕ್ಕೆ ಬರಲು ಕಾರಣ ತಿಪಟೂರಿನ ರೈಲ್ವೆ ಗೇಟು. ಗಂಡ ಕೆಂಚಯ್ಯನ ಗೂಡ್ಸ್ ಆಟೋದಲ್ಲಿ ಕೂತು ಗೇಟು ತೆಗೆಯುವುದನ್ನೇ ಕಾಯುತ್ತಿದ್ದಾಗ, ಕಿತ್ತಳೆ ಕೋಟು ತೊಟ್ಟ ನಾಲ್ವರು ಹೆಂಗಸರು ಹಳಿಯ ಪಕ್ಕ ಹಾರೆ ಹಿಡಿದು ನಡೆದು ಹೋದರು. ಅವರಲ್ಲೊಬ್ಬಳು ಆಕಳಿಸಿದಳು. ಕೆಲಸದ ಹೊತ್ತಿನಲ್ಲಿ ಅಷ್ಟು ನೆಮ್ಮದಿಯಾಗಿ ಆಕಳಿಸುವ ಹೆಂಗಸನ್ನು ಗಂಗಲಕ್ಷ್ಮಿ ಅಲ್ಲಿಯವರೆಗೆ ನೋಡಿರಲಿಲ್ಲ. ಆ ಕೆಲಸ ತನಗೆ ಬೇಕು ಅನ್ನಿಸಿತು. ಹೊಟ್ಟೆಕಿಚ್ಚೇ ಆಯಿತು ಅಂತ ಬೇಕಾದರೂ ಹೇಳಬಹುದು.

ವಿಚಾರಿಸಿದಾಗ, ಹತ್ತನೇ ಕ್ಲಾಸು ಪಾಸಾಗಿದ್ದರೆ ಪರೀಕ್ಷೆ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು, ಆದರೆ ಅವಳ ವಯಸ್ಸಿಗೆ ಇದೇ ಕೊನೆಯ ಸಲ ಎಂದು ತಿಳಿಯಿತು. ಬರೆಯುವ ಪರೀಕ್ಷೆ ದಾಟಿದರೆ ಆಮೇಲೆ ಇಪ್ಪತ್ತು ಕೆಜಿ ತೂಕ ಹೊತ್ತು ನೂರು ಮೀಟರು ನಡೆಯುವ ಪರೀಕ್ಷೆಯಂತೆ. ಇಪ್ಪತ್ತು ಕೆಜಿಯನ್ನು ತೂಕ ಅನ್ನುತ್ತಾರೆಂದು ಗಂಗಲಕ್ಷ್ಮಿಗೆ ಗೊತ್ತಿರಲಿಲ್ಲ.

ತಿಪಟೂರಿನಲ್ಲಿ ಶೌಕತ್ ಅಲಿ ಮೇಷ್ಟ್ರು ಒಂದು ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿ ಶನಿವಾರ, ಭಾನುವಾರ ಪಾಠ ಮಾಡುತ್ತಿದ್ದರು. ಕೆಳಗೆ ಹೊಲಿಗೆ ಮೆಷಿನ್, ಮೇಲೆ ಲೆಕ್ಕ. ಮೇಷ್ಟ್ರು ತಾವೂ ವಯಸ್ಸು ಮೀರುವ ತನಕ ಅದೇ ಪರೀಕ್ಷೆ ಬರೆದವರು. ಎಷ್ಟು ಸಲ ಎಂದು ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಭಿನ್ನರಾಶಿ ಕಂಡರೆ ಆಗದು.

"ಎ ಒಂದು ದಿನಕ್ಕೆ ಹನ್ನೆರಡನೇ ಒಂದು ಭಾಗ ಮಾಡ್ತಾನೆ ಅಂತ ಬರೆಯೋರು ಕೆಳಗಡೆ ಹೋಗಿ ಕಾಜಾ ಹೊಲೀರಿ," ಎನ್ನುತ್ತಿದ್ದರು. "ಎ ಗೆ ಹನ್ನೆರಡು ದಿನ, ಬಿ ಗೆ ಹದಿನೆಂಟು ದಿನ. ಎರಡರ ಲಸಾಅ ಎಷ್ಟು? ಮೂವತ್ತಾರು. ಹಾಗಾದ್ರೆ ಒಟ್ಟು ಕೆಲಸ ಮೂವತ್ತಾರು ಯೂನಿಟ್. ಎ ದಿನಕ್ಕೆ ಮೂರು ಯೂನಿಟ್, ಬಿ ಎರಡು. ಅಷ್ಟೇ. ಇನ್ನು ಕೂಡೋದು ಕಳೆಯೋದು, ನಿಮ್ಮಜ್ಜಿಗೂ ಬರುತ್ತೆ."

ಗಂಗಲಕ್ಷ್ಮಿಯ ಬೆನ್ನು ನೆಟ್ಟಗಾಯಿತು. ಮೂರು, ಎರಡು. ಇದು ಥೇಟ್ ತಾನು ಮತ್ತು ಓಬಮ್ಮ. ಒಟ್ಟು ಮೂವತ್ತಾರು ಚೀಲದ ಲೋಡು. ಆವತ್ತಿನಿಂದ ಎ ಮತ್ತು ಬಿ ಅವಳ ಪಾಲಿಗೆ ಅಕ್ಷರಗಳಾಗಿ ಉಳಿಯಲಿಲ್ಲ. ಶೆಡ್ಡಿನಲ್ಲಿ ಕೂತರು, ಎಲೆ ಅಡಿಕೆ ಹಾಕಿಕೊಂಡರು.

ಇಬ್ಬರೂ ಸೇರಿ ಮಾಡಿದರೆ ಎಷ್ಟು ದಿನ ಎಂಬ ಲೆಕ್ಕವನ್ನು ಕ್ಲಾಸಿನ ಹುಡುಗಿಯರು ಪೆನ್ನು ತೆಗೆಯುವ ಮೊದಲೇ ಹೇಳುತ್ತಿದ್ದಳು. ನಡುವೆ ಸಿ ಬಂದು ಸೇರಿಕೊಂಡರೂ ತಬ್ಬಿಬ್ಬಾಗುತ್ತಿರಲಿಲ್ಲ. ಒಬ್ಬರು ನಡುವೆ ಬಿಟ್ಟು ಹೋಗುವ ಲೆಕ್ಕ ಬಂದರೆ ಮಾತ್ರ ತಪ್ಪು. ಸುಮಾರಾಗಿ ತಪ್ಪಿದ್ದರೆ ಮೇಷ್ಟ್ರು ಸುಮ್ಮನಿರುತ್ತಿದ್ದರೇನೋ, ಅವಳದು ಧೈರ್ಯವಾಗಿ, ಬೇಗ, ಪ್ರತಿ ಸಲವೂ ತಪ್ಪು. ಅಣಕು ಪರೀಕ್ಷೆಯಲ್ಲಿ ಅವಳು ದಾಟಬೇಕಾದ ಗೆರೆಗೆ ಯಾವಾಗಲೂ ಎರಡು ಮೂರು ಅಂಕ ಕಡಿಮೆ. ಲೆಕ್ಕ ಹಾಕಿ ನೋಡಿದರೆ ಆ ಎರಡು ಮೂರು ಅಂಕ ಇಲ್ಲೇ ಸೋರುತ್ತಿತ್ತು. ತಪ್ಪು ಉತ್ತರಕ್ಕೆ ಇದ್ದ ಅಂಕವನ್ನೂ ಕಿತ್ತುಕೊಳ್ಳುತ್ತಾರಲ್ಲ, ಅದೂ ಸೇರಿ.

ಒಂದು ಶನಿವಾರ ಮಾತ್ರ ಸರಿಯಾಯಿತು. ಕೆಲಸ ಮುಗಿಯಲು ಮೂರು ದಿನ ಇರುವಾಗ ಎ ಬಿಟ್ಟು ಹೋದ, ಒಟ್ಟು ಎಷ್ಟು ದಿನವಾಯಿತು ಎಂಬ ಲೆಕ್ಕ. ಅದಕ್ಕೆ ಮೇಷ್ಟ್ರ ದಾರಿ ಬೇರೆ. "ಎ ಕೊನೇ ತನಕ ಇದ್ದ ಅಂತಲೇ ಇಟ್ಕೊಳ್ಳಿ. ಆ ಮೂರು ದಿನದ ಒಂಬತ್ತು ಯೂನಿಟ್ ಜಾಸ್ತಿ ಆಗಿರ್ತಿತ್ತು. ಮೂವತ್ತಾರಕ್ಕೆ ಒಂಬತ್ತು ಸೇರಿಸಿ, ನಲವತ್ತೈದು. ಇಬ್ಬರದೂ ಸೇರಿ ದಿನಕ್ಕೆ ಐದು. ಉತ್ತರ ಒಂಬತ್ತು ದಿನ." ಗಂಗಲಕ್ಷ್ಮಿ ಅಷ್ಟು ಹೊತ್ತಿಗಾಗಲೇ ಒಂಬತ್ತು ಅಂದಿದ್ದಳು. ಮೇಷ್ಟ್ರು ಖುಷಿಯಾಗಿ ಆ ದಿನ ಎಲ್ಲರಿಗೂ ಟೀ ತರಿಸಿದರು.

ಮರುದಿನವೇ ಆ ಟೀ ದಂಡವಾಯಿತು. ಎ ಮತ್ತು ಬಿ ಅದೇ ಜನ, ಅದೇ ಕೆಲಸ, ನಾಲ್ಕು ದಿನ ಆದ ಮೇಲೆ ಎ ಬಿಟ್ಟು ಹೋದ. ಉಳಿದದ್ದನ್ನು ಬಿ ಒಬ್ಬನೇ ಮುಗಿಸಲು ಇನ್ನೆಷ್ಟು ದಿನ?

"ಐದು," ಎಂದಳು ಗಂಗಲಕ್ಷ್ಮಿ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಇಬ್ಬರೂ ಸೇರಿ ದಿನಕ್ಕೆ ಐದು ಯೂನಿಟ್. ನಾಲ್ಕು ದಿನಕ್ಕೆ ಇಪ್ಪತ್ತು. ಮೂವತ್ತಾರರಲ್ಲಿ ಇಪ್ಪತ್ತು ಹೋದರೆ ಹದಿನಾರು. ಬಿ ದಿನಕ್ಕೆ ಎರಡು ಮಾಡಿದರೆ ಎಂಟು ದಿನ. ಐದು ಎಲ್ಲಿಂದ ಬಂತಮ್ಮ?"

"ಮೂವತ್ತಾರರಲ್ಲಿ ಬಿ ಗುಡ್ಡೆ ಹದಿನೆಂಟು ಸಾರ್. ನಾಕು ದಿನಕ್ಕೆ ಎಂಟು ಮುಗ್ಸವ್ಳೆ. ಇನ್ನು ಹತ್ತು. ದಿನಕ್ಕೆ ಎರಡು, ಐದು ದಿನ."

"ಎ ದು?"

"ಎ ಹನ್ನೆರಡು ಮಾಡವ್ಳೆ. ಆರು ಉಳ್ದೈತೆ."

"ಆ ಆರನ್ನ ಯಾರು ಮಾಡ್ತಾರೆ?"

"ಅವ್ಳೇ ಸಾರ್. ಬಂದಾಗ ಮಾಡ್ಕೋತಾಳೆ."

ಕೆಳಗೆ ಹೊಲಿಗೆ ಮೆಷಿನ್ ನಿಂತಿತು. ಹುಡುಗಿಯರಲ್ಲಿ ಇಬ್ಬರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದರು. ಮೇಷ್ಟ್ರು ನಗಲಿಲ್ಲ. ಹಿಂದಿನ ದಿನದ ಒಂಬತ್ತು ಹೇಗೆ ಬಂತೆಂದು ಅವರಿಗೆ ಆಗ ಹೊಳೆಯಿತು. ಹದಿನೆಂಟರ ಗುಡ್ಡೆಯನ್ನು ಎ ಆರು ದಿನದಲ್ಲಿ ಮುಗಿಸಿ ಮನೆಗೆ ಹೋಗಿದ್ದಾಳೆ, ಬಿ ಒಂಬತ್ತು ದಿನದಲ್ಲಿ ಮುಗಿಸಿದ್ದಾಳೆ, ನಡುವೆ ಮೂರು ದಿನ. ಲೆಕ್ಕವೇ ಇವಳ ಗುಡ್ಡೆಗೆ ಬಂದು ಬಿದ್ದಿತ್ತು, ಇವಳು ಲೆಕ್ಕಕ್ಕೆ ಬಿದ್ದಿರಲಿಲ್ಲ.

"ಎ ಬರಲ್ಲಮ್ಮ. ಬಿಟ್ಟು ಹೋದ ಅಂದ್ರೆ ಹೋದ."

"ಬರಲ್ಲ ಅಂತ ಎಲ್ಲಿ ಬರ್ದವ್ರೆ ಸಾರ್?"

ಮೇಷ್ಟ್ರು ಪುಸ್ತಕ ತೆಗೆದು ಎರಡು ಸಲ ಓದಿದರು. ಬರೆದಿರಲಿಲ್ಲ. ಇಪ್ಪತ್ತು ವರ್ಷ ಇದೇ ಲೆಕ್ಕ ಹೇಳಿಕೊಟ್ಟವರಿಗೆ ಅದು ಬರೆದಿಲ್ಲ ಎಂದು ಗೊತ್ತಾದದ್ದು ಅವತ್ತೇ. "ಬರೆದಿಲ್ಲ," ಎಂದು ಒಪ್ಪಿಕೊಂಡರು. "ಆದ್ರೆ ಉತ್ತರ ಎಂಟು. ಪರೀಕ್ಷೆಗೆ ಇನ್ನು ಐದು ವಾರ ಇದೆ. ಅಷ್ಟರಲ್ಲಿ ನಿಮ್ಮ ಗುಡ್ಡೆ ಮರೀಬೇಕು."

ಮರೆಯುವುದು ಬಾಯಿಪಾಠ ಮಾಡಿದಷ್ಟು ಸುಲಭವಲ್ಲ. ಮುಂದಿನ ಮೂರು ವಾರ ಅವಳು ಎಂಟು, ಎಂಟು ಅಂತಲೇ ಹೇಳಿಕೊಂಡಳು. ಅಂಕಿ ಬದಲಾಯಿಸಿ ಕೊಟ್ಟರೆ ಕೈ ಮತ್ತೆ ಗುಡ್ಡೆ ಮಾಡುತ್ತಿತ್ತು. ಗಡಿಯಾರ ಇಟ್ಟು ಪರೀಕ್ಷೆ ಮಾಡಿದರಂತೂ ಕೇಳುವುದೇ ಬೇಡ. ಅಂಕ ಮತ್ತೆ ಎರಡು ಕಡಿಮೆ. ಅವಳಿಗೆ ಭಯವಾಯಿತು. ಹನ್ನೊಂದು ವರ್ಷ ಮರ್ಯಾದೆಯಿಂದ ಬದುಕಿದ್ದೇ ತನಗೆ ಮುಳುವಾಯಿತಲ್ಲ ಎಂದು ಸಿಟ್ಟೂ ಬಂತು.

ಒಂದು ಬೆಳಿಗ್ಗೆ ಚಿಪ್ಪು ಬಿಡಿಸುತ್ತಾ ಅವಳು, ಯಾವತ್ತೂ ಇಲ್ಲದ್ದು, ತಾನಾಗಿ ಅತ್ತೆಯನ್ನು ಮಾತಾಡಿಸಿದಳು. ಲೆಕ್ಕವನ್ನು ಪೂರ್ತಿ ಹೇಳಿದಳು. ಮೂವತ್ತಾರು ಚೀಲ, ನಾಲ್ಕು ದಿನ ಆದ ಮೇಲೆ ಒಬ್ಬಳು ಎದ್ದು ಹೋದಳು, ಅವಳ ಗುಡ್ಡೆಯನ್ನೂ ಇನ್ನೊಬ್ಬಳೇ ಬಿಡಿಸಬೇಕಂತೆ, ಒಟ್ಟು ಇನ್ನೂ ಎಂಟು ದಿನವಂತೆ.

ಓಬಮ್ಮ ಮಚ್ಚು ನಿಲ್ಲಿಸಿದಳು. "ಯಾವ ನಾಚಿಕೆಗೆಟ್ಟೋರು ಕಣೇ ಅವ್ರು?"

"ರೈಲ್ವೆಯೋರು."

"ಅವ್ರ ಮನೇಲಿ ಹಿರೀಕರಿಲ್ವಾ?" ಓಬಮ್ಮ ಮತ್ತೆ ನಾಲ್ಕು ಕಾಯಿ ಬಿಡಿಸಿದಳು. ಆಮೇಲೆ ಕೇಳಿದಳು: "ಲೋಡು ಬಂದಾಗ ಗುಡ್ಡೆ ಯಾರು ಮಾಡಿದ್ದು?"

"ಗುಡ್ಡೆ ಮಾಡಿದ್ರು ಅಂತ ಇಲ್ಲ ಅತ್ತೆ. ಇಬ್ರೂ ಸೇರಿ ಒಂದು ಕೆಲ್ಸ ಮಾಡ್ತಾರೆ ಅಂತ ಅಷ್ಟೇ ಇರೋದು."

"ಗುಡ್ಡೇನೇ ಮಾಡಿಲ್ಲ ಅಂದ್ಮೇಲೆ ಅದು ಗುಡ್ಡೆ ಕೆಲ್ಸ ಎಂಗಾಯ್ತದೆ? ಅದು ಮುಯ್ಯಾಳು ಕಣೇ."

ಗಂಗಲಕ್ಷ್ಮಿಯ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಮುಯ್ಯಾಳು ಅವಳು ಕಾಣದ್ದೇನಲ್ಲ. ಇವತ್ತು ನಾನು ನಿನ್ನ ಹೊಲಕ್ಕೆ ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ ಎನ್ನುವ ಒಪ್ಪಂದ. ಕೂಲಿ ಇಲ್ಲ, ಮುಯ್ಯಿ ತೀರಿಸುವುದಷ್ಟೇ.

"ನಿನ್ ಗಂಡ ಹುಟ್ಟಿದ್ದು ಮುಯ್ಯಾಳು ಹೋದಾಗ," ಎಂದಳು ಓಬಮ್ಮ. "ಸಿದ್ದಗಂಗಮ್ಮನ ರಾಗಿ ಹೊಲ ಕೊಯ್ತಿದ್ವಿ, ಆರು ಜನ. ಮಧ್ಯಾಹ್ನ ನಂಗೆ ನೋವು ಬಂತು, ಬಂದ್ಬುಟ್ಟೆ. ನನ್ ಸಾಲು ಹಂಗೇ ಬುಟ್ರಾ? ಹೊಲ ಒಂದೇ. ಇದ್ದ ಐದು ಜನ ಕೊಯ್ದು ಮುಗ್ಸಿದ್ರು. ಒಂದಿನ ತಡ ಆಯ್ತು, ಅಷ್ಟೇಯ. ಬಾಣಂತನ ಮುಗ್ಸಿ ನಾನು ಐದು ಮನೆಗೂ ಹೋಗಿ ತೀರಿಸ್ಬಂದೆ."

ಅವತ್ತಿನಿಂದ ಗಂಗಲಕ್ಷ್ಮಿ ಎ ಮತ್ತು ಬಿ ಇಬ್ಬರನ್ನೂ ಶೆಡ್ಡಿನಿಂದ ಎಬ್ಬಿಸಿ ರಾಗಿ ಹೊಲಕ್ಕೆ ಇಳಿಸಿದಳು. ಹೊಲ ಒಂದೇ, ಅದರಲ್ಲಿ ಮೂವತ್ತಾರು ಸಾಲು. ಯಾರು ಬಂದರು, ಯಾರು ಹೋದರು ಎಂದು ಹೊಲ ಕೇಳುವುದಿಲ್ಲ. ಇದ್ದಷ್ಟು ದಿನ ಇದ್ದವರ ಸಾಲು ಕಳೆದು, ಉಳಿದದ್ದನ್ನು ಉಳಿದವರಿಗೆ ಹಂಚು. ಭಾನುವಾರ ಮೇಷ್ಟ್ರು ಕೊಟ್ಟ ಹತ್ತಕ್ಕೆ ಹತ್ತೂ ಸರಿ.

"ಏನು ಮಾಡಿದ್ರಿ?" ಎಂದರು ಮೇಷ್ಟ್ರು.

"ನಮ್ಮತ್ತೆ ಹೇಳ್ಕೊಟ್ರು ಸಾರ್."

"ಅವರೇನು ಓದಿದ್ದಾರೆ?"

"ಹೆಬ್ಬೆಟ್ಟು ಸಾರ್."

ಮೇಷ್ಟ್ರು ಅದಕ್ಕೂ ಟೀ ತರಿಸಿದರು. ಈ ಸಲ ಅದು ದಂಡವಾಗಲಿಲ್ಲ.

ಪರೀಕ್ಷೆ ತುಮಕೂರಿನಲ್ಲಿ, ಕಂಪ್ಯೂಟರ್ ಮುಂದೆ. ಇಲಿಯಂಥ ಮೌಸನ್ನು ಅವಳು ಎರಡು ಕೈಯಲ್ಲಿ ಹಿಡಿದಳು. ನಲವತ್ತನೆಯದೋ ನಲವತ್ತೊಂದನೆಯದೋ ಪ್ರಶ್ನೆಗೆ ಮೌಸು ಅಲ್ಲೇ ನಿಂತಿತು. ಎ ಗೆ ಹತ್ತು ದಿನ, ಬಿ ಗೆ ಹದಿನೈದು, ಸಿ ಗೆ ಮೂವತ್ತು. ಮೂವರೂ ಸೇರಿ ಶುರು ಮಾಡಿದರು. ಎರಡು ದಿನವಾದ ಮೇಲೆ ಎ ಹೋದ. ಕೆಲಸ ಮುಗಿಯಲು ಮೂರು ದಿನ ಇರುವಾಗ ಸಿ ಹೋದ. ಒಟ್ಟು ಎಷ್ಟು ದಿನ? ಒಂದೇ ಲೆಕ್ಕದಲ್ಲಿ ಇಬ್ಬರು ಎದ್ದು ಹೋಗುವುದನ್ನು ಅವಳು ಶೆಡ್ಡಿನಲ್ಲಂತೂ ಕಂಡಿರಲಿಲ್ಲ.

ಹೊಲದಲ್ಲಿ ಮೂವತ್ತು ಸಾಲು. ಎ ದಿನಕ್ಕೆ ಮೂರು, ಬಿ ಎರಡು, ಸಿ ಒಂದು. ಮೊದಲ ಎರಡು ದಿನ ಮೂವರೂ ಸೇರಿ ಆರಾರು, ಹನ್ನೆರಡು. ಉಳಿದದ್ದು ಹದಿನೆಂಟು. ಕೊನೆಯ ಮೂರು ದಿನ ಬಿ ಒಬ್ಬಳೇ, ಆರು. ಹದಿನೆಂಟರಲ್ಲಿ ಆರು ಹೋದರೆ ಹನ್ನೆರಡು. ಅದನ್ನು ಬಿ, ಸಿ ಸೇರಿ ದಿನಕ್ಕೆ ಮೂರರಂತೆ ನಾಲ್ಕು ದಿನ. ಎರಡು, ನಾಲ್ಕು, ಮೂರು, ಒಟ್ಟು ಒಂಬತ್ತು. ಒಂಬತ್ತು ದಿನವೂ ಬಗ್ಗಿ ಕೊಯ್ದವಳು ಬಿ ಒಬ್ಬಳೇ. ಬಿ ಯ ಸೊಂಟ ಏನಾಗಿರಬೇಡ ಎಂದು ಯೋಚಿಸುತ್ತಾ ಗಂಗಲಕ್ಷ್ಮಿ ಮೌಸ್ ಒತ್ತಿದಳು.

ಫಲಿತಾಂಶ ಬರುವ ತನಕ ಯಾರೂ ಅದರ ಮಾತೆತ್ತಲಿಲ್ಲ. ಬಂದಾಗ ಅವಳ ನಂಬರು ಪಟ್ಟಿಯಲ್ಲಿತ್ತು, ಗೆರೆಯಿಂದ ಒಂದೂವರೆ ಅಂಕ ಮೇಲೆ. ತೂಕದ ಪರೀಕ್ಷೆಯಲ್ಲಿ ಇಪ್ಪತ್ತು ಕೆಜಿ ಮರಳಿನ ಚೀಲ ಹೊತ್ತು ನೂರು ಮೀಟರು ಹೋಗಿ, ಇಳಿಸದೆ ನಿಂತು, "ಎಲ್ಲಿಗೆ ಹಾಕ್ಲಿ ಸಾರ್?" ಎಂದು ಕೇಳಿದಳು. ಅಧಿಕಾರಿ ಅಲ್ಲೇ ಹಾಕಿ ಅಂದರು. ಅಲ್ಲೇ ಹಾಕುವುದಾದರೆ ಯಾಕೆ ಹೊರಿಸಿದರೋ ಎಂದು ಅವಳು ಊರಿಗೆ ಬಂದು ಕೇಳಿದಳು.

ಮರುಳಸಿದ್ದಯ್ಯನವರು ಸಿಹಿ ಕೊಟ್ಟರು, ಚಿಕ್ಕಗಂಗಮ್ಮ ಅತ್ತಳು. ಸೊಸೆ ತರಬೇತಿಗೆ ದೂರದ ಊರಿಗೆ ಹೊರಡಲು ನಾಲ್ಕು ದಿನ ಇರುವಾಗ ಇವರ ಜೋಡಿಗೆ ನಲವತ್ತು ಚೀಲದ ಲೋಡು ಬಂತು. ಓಬಮ್ಮ ನಾಲ್ಕು ಚೀಲ ವಾಪಸ್ಸು ಕಳಿಸಿದಳು.

"ಯಾಕಮ್ಮ ಓಬಮ್ಮ?" ಎಂದರು ಯಜಮಾನರು.

"ಮೂವತ್ತಾರು ಸಾಕು ಬುಡಿ ಯಜಮಾನ್ರೆ."

ಅತ್ತೆಗೆ ವಯಸ್ಸಾಯಿತು, ಇನ್ನು ಕೈಲಾಗುವುದಿಲ್ಲ ಅಂದುಕೊಂಡಳು ಗಂಗಲಕ್ಷ್ಮಿ. ಎಂದಿನಂತೆ ಹದಿನೆಂಟು, ಹದಿನೆಂಟು ಗುಡ್ಡೆ ಮಾಡಿದರು. ನಾಲ್ಕು ದಿನಕ್ಕೆ ಅವಳದು ಹನ್ನೆರಡು ಚೀಲ ಮುಗಿಯಿತು, ಆರು ಉಳಿಯಿತು. ಅದರ ಮೇಲೆ ಗೋಣಿ ಹೊದಿಸಿ, "ರಜ ಸಿಕ್ಕಾಗ ಬಂದು ಮುಗಿಸ್ತೀನಿ ಅತ್ತೆ," ಅಂದಳು. ಓಬಮ್ಮ ಗೋಣಿಯನ್ನು ನೋಡಿದಳು, ಬಸ್ಸಿಗೆ ಹೊತ್ತಾಯಿತು ಅಂದಳು.

ತರಬೇತಿಯಲ್ಲಿ ಗಂಗಲಕ್ಷ್ಮಿಗೆ ಕಿತ್ತಳೆ ಕೋಟು ಕೊಟ್ಟರು. ಮೂರನೇ ದಿನ ಹಳಿಯ ಪಕ್ಕ ನಿಂತು ಅವಳು ಬೇಕೆಂದೇ ಒಂದು ಸಲ ಆಕಳಿಸಿ ನೋಡಿದಳು. ಅಂಥಾದ್ದೇನೂ ಅನ್ನಿಸಲಿಲ್ಲ. ಮನೆಯ ನೆನಪು ಬಂತು. ದಿನಾ ಸಂಜೆ ಕೆಂಚಯ್ಯನಿಗೆ ಫೋನು ಮಾಡುವಳು, ಅತ್ತೆ ಹೇಗಿದ್ದಾರೆ ಎಂದು ಕೇಳುವಳು, ಚೆನ್ನಾಗವ್ಳೆ ಎಂದು ಅವನು ಹೇಳುವನು. ಎಂಟನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿದಾಗ ಅವನು ಶೆಡ್ಡಿನ ಅಂಗಳದಲ್ಲಿ ಆಟೋಗೆ ಚೀಲ ಹೇರುತ್ತಿದ್ದ.

"ಮನೆಗೆ ಹೋದಾಗ ಅತ್ತೆ ಕೈಗೆ ಕೊಡಿ, ಮಾತಾಡ್ತೀನಿ."

"ಅವ್ವ ಮನೇಲೆಲ್ಲವ್ಳೆ? ಇಲ್ಲೇ ಕಾಯಿ ಬಿಡುಸ್ತಾವ್ಳೆ."

"ಹೊಸ ಲೋಡು ಬಂತಾ?"

"ಇಲ್ಲ ಕಣೇ. ಅದೇ ಲೋಡು. ಸಂಜೆಗೆ ಮುಗೀತದಂತೆ."

ಗಂಗಲಕ್ಷ್ಮಿ ಮನಸ್ಸಿನಲ್ಲೇ ಕಳೆದಳು. ಓಬಮ್ಮನ ಗುಡ್ಡೆಯಲ್ಲಿ ಹತ್ತು ಚೀಲ ಉಳಿದಿತ್ತು. ದಿನಕ್ಕೆ ಎರಡು. ಐದನೇ ದಿನಕ್ಕೇ ಮುಗಿದು ಅತ್ತೆ ಮನೆಯಲ್ಲಿ ಕಾಲು ಚಾಚಿ ಕೂತಿರಬೇಕಿತ್ತು. ಇವತ್ತು ಎಂಟನೇ ದಿನ.

ಫೋನು ಕೈ ಬದಲಾಯಿತು. ಅತ್ತ ಕಡೆ ಮಚ್ಚಿನ ಸದ್ದು ನಿಂತಿತು.

"ಅತ್ತೆ, ಯಾರ ಗುಡ್ಡೆ ಅದು?" ಗಂಗಲಕ್ಷ್ಮಿ ಕೇಳಿದಳು.

"ಗುಡ್ಡೆ ಗಿಡ್ಡೆ ಏನಿಲ್ಲ. ನೀನು ಹೋದ ದಿನಾನೇ ಎರಡೂ ಸೇರಿಸ್ಬುಟ್ಟೆ. ಎಂಟು ದಿನ ಅಂದಿದ್ರಲ್ಲ ನಿಮ್ಮ ಮೇಷ್ಟ್ರು, ಸರಿಯಾಗೇ ಅಂದವ್ರೆ. ಇವತ್ತಿಗೆ ಎಂಟು."

"ನನ್ನ ಗುಡ್ಡೆ ಯಾಕ್ ಮುಟ್ಟಿದ್ರಿ?"

"ಮುಯ್ಯಾಳು ಕಣೇ," ಎಂದಳು ಓಬಮ್ಮ. "ಯಾವತ್ತು ಬಂದು ತೀರುಸ್ತೀಯ ಹೇಳು."

ಗಂಗಲಕ್ಷ್ಮಿ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಆರು ಚೀಲ, ದಿನಕ್ಕೆ ಮೂರು.

"ಎರಡು ದಿನದ ಕೆಲ್ಸ ಅತ್ತೆ. ಶನಿವಾರ, ಭಾನುವಾರ ರಜ ಐತೆ. ಬತ್ತೀನಿ."